ಆಸ್ಪತ್ರೆ ಕಸ ಯಾವ ಬಣ್ಣದ ಬಕೆಟ್‌ಗೆ? ಐದು ಅಂಕದ ಉತ್ತರಕ್ಕೆ ತಯಾರಿ

ಮಂಗಳೂರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾ, ಉತ್ತರ ಪತ್ರಿಕೆ ತಿದ್ದುತ್ತಾ ಕೆಲವು ವರ್ಷಗಳಾದವು. ಜೈವಿಕ ವೈದ್ಯಕೀಯ ತ್ಯಾಜ್ಯದ ಪ್ರಶ್ನೆ ಬಂದಾಗ ಹೆಚ್ಚಿನವರು ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕೂ ಬಣ್ಣ ಸರಿಯಾಗಿ ಬರೆಯುತ್ತಾರೆ. ಅದರ ಕೆಳಗೆ ಯಾವ ವಸ್ತು ಹಾಕಬೇಕು ಅನ್ನುವಲ್ಲಿ ತಪ್ಪುತ್ತಾರೆ. ರಕ್ತ ಅಂಟಿದ ಗ್ಲೌಸ್ ಹಳದಿಗೆ, ಸಿರಿಂಜ್ ಬಿಳಿಗೆ, ರಕ್ತದ ಚೀಲ ಕೆಂಪಿಗೆ ಹೋಗಿರುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ, ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ಸಾಲು ಅದಲು ಬದಲಾಗುತ್ತದೆ.

ಬಾಯಿಪಾಠ ಇಲ್ಲದೆಯೇ ಈ ಉತ್ತರ ಬರೆಯಬಹುದು. ಒಂದು ವಸ್ತು ಆಸ್ಪತ್ರೆಯಿಂದ ಹೊರಗೆ ಹೋದ ಮೇಲೆ ಅದಕ್ಕೆ ಏನಾಗುತ್ತದೆ ಅಂತ ಗೊತ್ತಿದ್ದರೆ ಸಾಕು, ಬಣ್ಣ ತಾನಾಗಿ ಬರುತ್ತದೆ. ಈ ಲೇಖನದಲ್ಲಿ ಅದೇ ದಾರಿಯಲ್ಲಿ ಹೋಗೋಣ. ಮೊದಲು ಕಸದ ಕೊನೆ ನೋಡೋಣ, ಆಮೇಲೆ ಒಂದು ಟ್ರೇ ವಿಂಗಡಿಸೋಣ, ಕೊನೆಗೆ ಉತ್ತರ ಬರೆಯೋಣ.

ಮೊದಲು ಹಳೇ ಗೈಡ್ ಬದಿಗಿಡಿ

ನಿಮ್ಮ ಸೀನಿಯರ್ ಕೊಟ್ಟ ಗೈಡ್ ಇದ್ದರೆ ಒಮ್ಮೆ ತೆರೆದು ನೋಡಿ. ತ್ಯಾಜ್ಯದಲ್ಲಿ ಹತ್ತು ವರ್ಗ ಅಂತ ಇದೆಯಾ? ಅವಧಿ ಮುಗಿದ ಔಷಧಿಗೆ ಕಪ್ಪು ಚೀಲ ಅಂತ ಇದೆಯಾ? ಇದ್ದರೆ ಅದು 1998ರ ನಿಯಮದ ಪಾಠ. ಈಗ ನಡೆಯುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮ. ಅದಕ್ಕೆ 2018ರಲ್ಲಿ ತಿದ್ದುಪಡಿ ಆಯಿತು. ಹತ್ತು ವರ್ಗ ಹೋಗಿ ನಾಲ್ಕು ಬಣ್ಣದ ನಾಲ್ಕು ವರ್ಗ ಉಳಿಯಿತು. ಕಪ್ಪು ಬಣ್ಣ ಈ ನಿಯಮದ ಪಟ್ಟಿಯಲ್ಲೇ ಇಲ್ಲ. ಔಷಧಿ ಹಳದಿಗೆ ಬಂತು. ಒಡೆದ ಗಾಜು ಮೊದಲು ಸೂಜಿ, ಬ್ಲೇಡ್‌ಗಳ ಜೊತೆಗೆ ಇತ್ತು, ಈಗ ಅದಕ್ಕೆ ನೀಲಿ ಡಬ್ಬ ಪ್ರತ್ಯೇಕ. ಹಳೇ ಗೈಡ್ ಓದಿ ಬರೆದ ಉತ್ತರದಲ್ಲಿ ಈ ಮೂರೂ ಕಡೆ ಅಂಕ ಹೋಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಇನ್ನೊಂದು ಗೊಂದಲ ಮನೆಯಿಂದ ಬರುವಂಥದ್ದು. ಮನೆಯಲ್ಲಿ ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬಕೆಟ್ ಇಟ್ಟು ಅಭ್ಯಾಸ. ಹಾಗಾಗಿ ಪ್ಲಾಸ್ಟಿಕ್ ಕಂಡ ಕೂಡಲೇ ಕೈ ನೀಲಿ ಕಡೆ ಹೋಗುತ್ತದೆ. ವಾರ್ಡಿನ ನೀಲಿಗೂ ಮನೆಯ ನೀಲಿಗೂ ಸಂಬಂಧ ಇಲ್ಲ. ವಾರ್ಡಿನ ನೀಲಿ ಗಾಜಿಗೆ, ಮತ್ತೆ ದೇಹದೊಳಗೆ ಹಾಕುವ ಲೋಹದ ಇಂಪ್ಲಾಂಟ್‌ಗಳಿಗೆ ಮಾತ್ರ.

ಹೆಜ್ಜೆ ಒಂದು: ಕಸದ ಕೊನೆ ಎಲ್ಲಿ ಅಂತ ನೋಡಿ

ಆಸ್ಪತ್ರೆಯ ಕಸ ತೆಗೆದುಕೊಂಡು ಹೋಗಲು ಲಾರಿ ಬರುತ್ತದಲ್ಲ, ಅದು ಹೋಗುವುದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ. 75 ಕಿಲೋಮೀಟರ್ ಒಳಗೆ ಇಂಥ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಕುಲುಮೆ ಕಟ್ಟಿಕೊಳ್ಳುವ ಹಾಗಿಲ್ಲ. ಆ ಘಟಕದ ಗೇಟಿನ ಒಳಗೆ ಕಸಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಬೆಂಕಿ. ಇನ್ನೊಂದು ಆವಿ.

ಬೆಂಕಿಯ ದಾರಿ ಹಳದಿ ಚೀಲದ್ದು. ಇನ್ಸಿನರೇಟರ್ ಅಂದರೆ ದಹನ ಕುಲುಮೆ. ಅದಕ್ಕೆ ಎರಡು ಕೋಣೆ. ಮೊದಲನೆಯದರಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಸ ಉರಿಯುತ್ತದೆ. ಅಲ್ಲಿಂದ ಏಳುವ ಹೊಗೆ ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡ್ ಇದ್ದು ಮತ್ತೊಮ್ಮೆ ಸುಡಬೇಕು. ಹೀಗೆ ಹೊಗೆಯನ್ನೂ ಸುಡುವುದು ಯಾಕೆ? ಕಸದಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸೇರಿದ್ದರೆ, ಪಿವಿಸಿ ಅಂತೀವಲ್ಲ ಅದು, ಅರೆಬರೆ ಸುಟ್ಟಾಗ ಡಯಾಕ್ಸಿನ್, ಫ್ಯೂರಾನ್ ಅನ್ನುವ ವಿಷಗಳು ಹುಟ್ಟುತ್ತವೆ. ಅವು ಗಾಳಿಯಲ್ಲಿ ಹೋಗಿ ಮಣ್ಣಿನಲ್ಲಿ ಕೂತು ಬಹಳ ಕಾಲ ಉಳಿಯುತ್ತವೆ. ಹಾಗಾಗಿ ಒಂದು ಕಡೆ ಹೊಗೆಯನ್ನು ಸುಡುತ್ತಾರೆ, ಇನ್ನೊಂದು ಕಡೆ ಪ್ಲಾಸ್ಟಿಕ್ಕೇ ಕುಲುಮೆಗೆ ಹೋಗದ ಹಾಗೆ ವಾರ್ಡಿನಲ್ಲಿ ತಡೆಯಬೇಕು. ಹಳದಿ ಚೀಲವೂ ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್‌ನಿಂದಲೇ ಆಗಿರಬೇಕು ಅನ್ನುವ ನಿಯಮಕ್ಕೂ ಕಾರಣ ಇದೇ. ಚೀಲ ಸಮೇತ ಸುಡುತ್ತಾರಲ್ವಾ.

ಆವಿಯ ದಾರಿ ಕೆಂಪು ಚೀಲದ್ದು. ಆಟೋಕ್ಲೇವ್ ಅಂದರೆ ದೊಡ್ಡ ಕುಕ್ಕರ್ ಅಂದುಕೊಳ್ಳಿ. ಸಾಮಾನ್ಯ ಮಾದರಿಯದ್ದರಲ್ಲಿ 121 ಡಿಗ್ರಿ, 15 ಪಿಎಸ್‌ಐ ಒತ್ತಡದಲ್ಲಿ ಕನಿಷ್ಠ 60 ನಿಮಿಷ ಇಡಬೇಕು. ಆಮೇಲೆ ಶ್ರೆಡ್ಡರ್‌ಗೆ ಹಾಕಿ ಚೂರು ಮಾಡುತ್ತಾರೆ. ಚೂರು ಮಾಡುವುದು ಜಾಗ ಉಳಿಸಲು ಮಾತ್ರ ಅಂತ ತಿಳಿಯಬೇಡಿ. ಬಳಸಿದ ಸಿರಿಂಜ್, ಐವಿ ಸೆಟ್ ಇಡಿಯಾಗಿ ಹೊರಗೆ ಹೋದರೆ ಯಾರಾದರೂ ತೊಳೆದು, ಪ್ಯಾಕ್ ಮಾಡಿ ಮತ್ತೆ ಮಾರಬಹುದು. ಚೂರಾದ ಸಿರಿಂಜನ್ನು ಯಾರೂ ಮಾರಲಾರರು. ಆ ಚೂರು ನೋಂದಾಯಿತ ಮರುಬಳಕೆದಾರರಿಗೆ ಹೋಗುತ್ತದೆ, ರಸ್ತೆ ಮಾಡುವಾಗಲೂ ಬಳಸಬಹುದು.

ಬಿಳಿ ಡಬ್ಬದ್ದೂ ಹೆಚ್ಚು ಕಡಿಮೆ ಆವಿಯ ದಾರಿಯೇ. ಆಟೋಕ್ಲೇವ್ ಅಥವಾ ಒಣ ಶಾಖ, ಆಮೇಲೆ ಚೂರು ಮಾಡುವುದು, ಇಲ್ಲವಾದರೆ ಸಿಮೆಂಟಿನೊಳಗೆ ಮುಚ್ಚುವುದು. ಲೋಹ ಕಬ್ಬಿಣದ ಎರಕದ ಕಾರ್ಖಾನೆಗೆ ಹೋಗಬಹುದು. ಇದು ಪ್ರತ್ಯೇಕ ಡಬ್ಬ ಆಗಲು ಕಾರಣ ಒಂದೇ, ಇದು ಚುಚ್ಚುತ್ತದೆ. ನೀಲಿ ಡಬ್ಬದ ಗಾಜನ್ನು ಡಿಟರ್ಜೆಂಟಿನಿಂದ ತೊಳೆದು ಹೈಪೋಕ್ಲೋರೈಟ್ ದ್ರಾವಣದಲ್ಲಿ ನೆನೆಸುತ್ತಾರೆ, ಅಥವಾ ಆಟೋಕ್ಲೇವ್ ಮಾಡುತ್ತಾರೆ. ಆಮೇಲೆ ಗಾಜು ಕರಗಿಸಿ ಮರುಬಳಕೆ.

ಇಷ್ಟು ಗೊತ್ತಾದರೆ ಯಾವ ವಸ್ತು ಕೈಗೆ ಬಂದರೂ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಈ ಕ್ರಮದಲ್ಲೇ ಕೇಳಿ. ಇದು ಚುಚ್ಚುವ, ಕೊಯ್ಯುವ ಲೋಹವಾ? ಹಾಗಾದರೆ ಬಿಳಿ. ಗಾಜಾ? ನೀಲಿ. ಬೇಯಿಸಿ ಮರುಬಳಕೆ ಮಾಡಬಹುದಾದ ಪ್ಲಾಸ್ಟಿಕ್ ಅಥವಾ ರಬ್ಬರಾ? ಕೆಂಪು. ಈ ಮೂರೂ ಅಲ್ಲದೆ ರಕ್ತ, ದೇಹದ ದ್ರವ ಅಂಟಿದ್ದಾ, ದೇಹದ ಭಾಗವಾ, ಔಷಧಿಯಾ, ರಾಸಾಯನಿಕವಾ? ಹಳದಿ. ಯಾವುದಕ್ಕೂ ಹೌದು ಅನ್ನುವ ಉತ್ತರ ಬರದಿದ್ದರೆ ಅದು ಸಾಮಾನ್ಯ ಕಸ, ನಗರಪಾಲಿಕೆ ಅಥವಾ ಪಂಚಾಯತ್‌ನ ಗಾಡಿಗೆ.

ಹೆಜ್ಜೆ ಎರಡು: ಒಂದು ಟ್ರೇ ವಿಂಗಡಿಸಿ ನೋಡಿ

ಜುಲೈ ತಿಂಗಳು. ಉಡುಪಿ ಕಡೆಯ ಒಂದು ಆಸ್ಪತ್ರೆಯ ಗಂಡಸರ ವಾರ್ಡ್ ಅಂದುಕೊಳ್ಳಿ. ಗದ್ದೆ ಕೆಲಸ ಮಾಡುವ ಒಬ್ಬರಿಗೆ ಜ್ವರ, ಮೈಕೈ ನೋವು. ಇಲಿಜ್ವರ ಅಂತ ಸೇರಿಸಿದ್ದಾರೆ. ಕೈ ಊದಿಕೊಂಡಿದೆ, ಹಳೇ ಕ್ಯಾನುಲಾ ತೆಗೆದು ಇನ್ನೊಂದು ಕೈಗೆ ಹೊಸದು ಹಾಕಬೇಕು. ಆಮೇಲೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ವಾಂತಿ ಇದೆ ಅಂತ ಒಂಡಾನ್ಸೆಟ್ರಾನ್ ಕೂಡ ಕೊಟ್ಟಿದ್ದೀರಿ. ಖಾಲಿಯಾದ ಸಲೈನ್ ಬಾಟಲಿ, ಐವಿ ಸೆಟ್ ತೆಗೆದಿದ್ದೀರಿ. ಕೆಲಸ ಮುಗಿಯಿತು. ಟ್ರೇ ತುಂಬಾ ಕಸ.

ಮೊದಲು ಕೈ ಹಾಕಬೇಕಾದ್ದು ಚುಚ್ಚುವ ವಸ್ತುವಿಗೆ. ಸಿರಿಂಜಿನ ಸೂಜಿಗೆ ಕ್ಯಾಪ್ ಮತ್ತೆ ಹಾಕಬೇಡಿ. ಕ್ಯಾಪ್ ಹಾಕಲು ಹೋಗುವಾಗಲೇ ಎಡಗೈ ಬೆರಳಿಗೆ ಚುಚ್ಚುವುದು. ಹಾಸಿಗೆಯ ಹತ್ತಿರಕ್ಕೆ ತಂದ ನೀಡಲ್ ಕಟರ್‌ನಲ್ಲಿ ಕತ್ತರಿಸಿ. ಸೂಜಿ ಕಟರ್‌ನ ಡಬ್ಬಕ್ಕೆ ಬೀಳುತ್ತದೆ, ಅದು ಬಿಳಿ ಡಬ್ಬದ ಕಸ. ಕೈಯಲ್ಲಿ ಉಳಿದ ಸಿರಿಂಜ್ ಬರೀ ಪ್ಲಾಸ್ಟಿಕ್, ಹಾಗಾಗಿ ಕೆಂಪಿಗೆ. ಹೊಸ ಕ್ಯಾನುಲಾ ಹಾಕುವಾಗ ಹೊರಗೆ ಎಳೆದ ಲೋಹದ ಸೂಜಿ ಬಿಳಿಗೆ. ಹಳೇ ಕೈಯಿಂದ ತೆಗೆದ ಕ್ಯಾನುಲಾದಲ್ಲಿ ಸೂಜಿ ಇಲ್ಲ, ಮೆತ್ತಗಿನ ಪ್ಲಾಸ್ಟಿಕ್ ಕೊಳವೆ ಮಾತ್ರ. ಅದು ಕೆಂಪಿಗೆ. ಒಂದೇ ಕ್ಯಾನುಲಾ ಎರಡು ಡಬ್ಬಕ್ಕೆ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

ಪಕ್ಕದ ಹಾಸಿಗೆಯ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಕೊಟ್ಟ ಸಿರಿಂಜ್ ಅದೇ ಟ್ರೇಯಲ್ಲಿ ಇದ್ದರೆ? ಇನ್ಸುಲಿನ್ ಸಿರಿಂಜಿನಲ್ಲಿ ಸೂಜಿ ಅಂಟಿಕೊಂಡೇ ಬರುತ್ತದೆ, ಬಿಚ್ಚಲು ಆಗುವುದಿಲ್ಲ. ಅದನ್ನು ಇಡಿಯಾಗಿ ಬಿಳಿ ಡಬ್ಬಕ್ಕೆ ಹಾಕಬೇಕು. "ಸಿರಿಂಜ್ ಎಲ್ಲಿಗೆ?" ಅನ್ನುವ ಪ್ರಶ್ನೆಗೆ ಎರಡು ಉತ್ತರ ಇರುವುದು ಇದಕ್ಕೇ. ಉತ್ತರದಲ್ಲಿ "ಸೂಜಿ ತೆಗೆದ ಸಿರಿಂಜ್ ಕೆಂಪು, ಸೂಜಿ ಅಂಟಿರುವ ಸಿರಿಂಜ್ ಬಿಳಿ" ಅಂತ ಎರಡೂ ಬರೆಯಿರಿ. ಬರೀ "ಸಿರಿಂಜ್" ಅಂತ ಬರೆದರೆ ತಿದ್ದುವವರಿಗೆ ನಿಮ್ಮ ಮನಸ್ಸಿನಲ್ಲಿ ಯಾವುದು ಇತ್ತು ಅಂತ ಗೊತ್ತಾಗುವುದಿಲ್ಲ.

ಈಗ ಗಾಜು. ಸೆಫ್ಟ್ರಿಯಾಕ್ಸೋನ್ ಪುಡಿ ಇದ್ದ ವಯಲ್ ಗಾಜಿನದು, ಖಾಲಿಯಾಗಿದೆ. ನೀಲಿಗೆ. ಒಂಡಾನ್ಸೆಟ್ರಾನ್ ಆಂಪೂಲ್‌ನ ಕುತ್ತಿಗೆ ಮುರಿದಿದ್ದೀರಿ. ಎರಡೂ ತುಂಡು ನೀಲಿಗೆ. ಪುಡಿ ಕಲಸಲು ಬಳಸಿದ ಸ್ಟೆರೈಲ್ ವಾಟರ್ ಇದೆಯಲ್ಲ, ಅದು ಎಷ್ಟೋ ಕಡೆ ಪ್ಲಾಸ್ಟಿಕ್ ಆಂಪೂಲ್‌ನಲ್ಲಿ ಬರುತ್ತದೆ. ಅದು ಕೆಂಪಿಗೆ. "ಆಂಪೂಲ್ ಅಂದರೆ ನೀಲಿ" ಅಂತ ಹೆಸರು ನೋಡಿ ಹಾಕಿದರೆ ಗಾಜಿನ ಜೊತೆ ಪ್ಲಾಸ್ಟಿಕ್ ಸೇರುತ್ತದೆ. ಕೈಯಲ್ಲಿ ಹಿಡಿದಾಗ ಯಾವ ವಸ್ತುವಿನಿಂದ ಆಗಿದೆ ಅಂತ ನೋಡಿ. ನೀಲಿಗೆ ಮೊದಲು ರಟ್ಟಿನ ಪೆಟ್ಟಿಗೆ ಅಂತ ಇತ್ತು. 2018ರ ತಿದ್ದುಪಡಿಯಲ್ಲಿ ಚುಚ್ಚಿ ತೂತಾಗದ, ಸೋರದ ಡಬ್ಬ ಅಂತ ಬದಲಾಯಿತು. ನಮ್ಮ ಕರಾವಳಿಯ ಮಳೆಗಾಲ ನೋಡಿದವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ರಟ್ಟು ಒಣಗಿ ನಿಲ್ಲುವುದೇ ಇಲ್ಲ. ಥಂಡಿ ಹಿಡಿದ ಪೆಟ್ಟಿಗೆ ಎತ್ತಿದರೆ ತಳ ಕಳಚಿ ಗಾಜೆಲ್ಲ ಕಾಲಿನ ಮೇಲೆ.

ಉಳಿದದ್ದು ಬೇಗ ಮುಗಿಯುತ್ತದೆ. ಸಲೈನ್ ಬಾಟಲಿ, ಐವಿ ಸೆಟ್, ಗ್ಲೌಸ್ ಮೂರೂ ಕೆಂಪಿಗೆ. ಐವಿ ಸೆಟ್‌ನ ಕೊಳವೆಯನ್ನು ಕತ್ತರಿಸಿ ಹಾಕಿದರೆ ಮರುಬಳಕೆಯ ಭಯ ಇಲ್ಲ. ಗ್ಲೌಸ್‌ಗೆ ರಕ್ತ ಅಂಟಿದೆ, ಆದರೂ ಕೆಂಪೇ. ರಕ್ತವನ್ನು ಆವಿ ನೋಡಿಕೊಳ್ಳುತ್ತದೆ. ರಕ್ತ ಒರೆಸಿದ ಹತ್ತಿ, ಹಳೇ ಕ್ಯಾನುಲಾ ಮೇಲೆ ಅಂಟಿಸಿದ್ದ ರಕ್ತದ ಪ್ಲಾಸ್ಟರ್ ಹಳದಿಗೆ. ಹತ್ತಿಯನ್ನು ಬೇಯಿಸಿ ಮರುಬಳಕೆ ಮಾಡುವವರಿಲ್ಲ, ಅದಕ್ಕೆ ಬೆಂಕಿಯೇ ಸರಿ. ನಿಮ್ಮ ಮುಖದ ಮಾಸ್ಕ್ ಕೂಡ ಹಳದಿಗೆ, ಇದನ್ನು 2018ರಲ್ಲಿ ಸೇರಿಸಿದರು. ಸಿರಿಂಜ್ ಬಿಚ್ಚಿದ ಕವರ್, ಔಷಧಿಯ ರಟ್ಟಿನ ಡಬ್ಬ, ರಕ್ತ ತಾಗದ ಕಾಗದ ಸಾಮಾನ್ಯ ಕಸ. ಇದನ್ನು "ಆಸ್ಪತ್ರೆಯದ್ದಲ್ವಾ" ಅಂತ ಹಳದಿಗೆ ತುಂಬಿಸುವವರು ಬಹಳ. ಆ ಪ್ಲಾಸ್ಟಿಕ್ ಕವರೆಲ್ಲ ಕುಲುಮೆಗೆ ಹೋಗುತ್ತದೆ, ಹಳದಿ ಚೀಲದ ತೂಕವೂ ಸುಮ್ನೆ ಜಾಸ್ತಿ ಆಗುತ್ತದೆ.

ಹೆಜ್ಜೆ ಮೂರು: ನಾಲ್ಕು ಪ್ರಶ್ನೆಗೆ ಸಿಗದ ಮೂರು ವಸ್ತು

ಮೇಲಿನ ನಾಲ್ಕು ಪ್ರಶ್ನೆ ಬಹುತೇಕ ಎಲ್ಲವನ್ನೂ ಬಿಡಿಸುತ್ತದೆ. ಮೂರು ಕಡೆ ಮಾತ್ರ ನಿಂತು ಯೋಚಿಸಬೇಕು. ಪರೀಕ್ಷೆಯಲ್ಲಿ ಕೇಳುವುದೂ ಇವನ್ನೇ.

ಒಂದು ರಕ್ತದ ಚೀಲ. ಪ್ಲಾಸ್ಟಿಕ್ ಅಂತ ಕೆಂಪಿಗೆ ಹಾಕುವ ಆಸೆ ಆಗುತ್ತದೆ. ಅದರೊಳಗೆ ಉಳಿದ ರಕ್ತ ಇದೆ. ಅದನ್ನು ಹಳದಿಗೆ ಅಂತ ನಿಯಮ ಹೆಸರಿಸಿಯೇ ಹೇಳುತ್ತದೆ. ಬರೀ ಹಳದಿಗೆ ಹಾಕಿದರೂ ಸಾಲದು. ರಕ್ತದ ಚೀಲ, ಲ್ಯಾಬಿನ ರೋಗಾಣು ಕಲ್ಚರ್, ಸೂಕ್ಷ್ಮಜೀವಿ ವಿಭಾಗದ ಕಸವನ್ನು ಆಸ್ಪತ್ರೆಯ ಒಳಗೇ ಮೊದಲು ಆಟೋಕ್ಲೇವ್ ಮಾಡಿ ಅಥವಾ ಸೋಂಕು ನಿವಾರಿಸಿ, ಆಮೇಲೆ ಲಾರಿಗೆ ಕೊಡಬೇಕು. ಲಾರಿ ದಾರಿಯಲ್ಲಿ ಕೆಟ್ಟು ನಿಂತರೂ, ಚೀಲ ಹರಿದರೂ ಜೀವಂತ ರೋಗಾಣು ಹೊರಗೆ ಬರಬಾರದು ಅನ್ನುವುದು ಉದ್ದೇಶ. "ಪೂರ್ವ ಸಂಸ್ಕರಣೆ" ಅನ್ನುವ ಎರಡು ಪದ ಉತ್ತರದಲ್ಲಿ ಇದ್ದರೆ ಆ ವಿದ್ಯಾರ್ಥಿಗೆ ವಿಷಯ ಗೊತ್ತಿದೆ ಅಂತ ನನಗೆ ಕೂಡಲೇ ತಿಳಿಯುತ್ತದೆ.

ಎರಡು ಔಷಧಿಯ ವಯಲ್. ಒಂದೇ ಗಾಜಿನ ವಯಲ್‌ಗೆ ಮೂರು ಉತ್ತರ ಇದೆ. ಖಾಲಿ ವಯಲ್ ನೀಲಿ. ಅವಧಿ ಮುಗಿದ, ಒಳಗೆ ಔಷಧಿ ಇರುವ ವಯಲ್ ಹಳದಿ, ಯಾಕೆಂದರೆ ಅಲ್ಲಿ ಕಸ ಅನ್ನಿಸಿಕೊಳ್ಳುವುದು ಔಷಧಿ, ಗಾಜಲ್ಲ. ಕ್ಯಾನ್ಸರ್ ಔಷಧಿಯ ವಯಲ್ ಖಾಲಿಯಾಗಿದ್ದರೂ ನೀಲಿಗೆ ಹೋಗಬಾರದು. ಅದು ಹಳದಿ ಚೀಲಕ್ಕೆ, ಮೇಲೆ ಸೈಟೋಟಾಕ್ಸಿಕ್ ಅನ್ನುವ ಗುರುತಿನ ಲೇಬಲ್ ಇರಬೇಕು.

ಕ್ಯಾನ್ಸರ್ ಔಷಧಿಗೆ ಈ ಬೇರೆ ದಾರಿ ಯಾಕೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎರಡು ಅಂಕದ ಪ್ರಶ್ನೆಯಾಗಿ ಇದೊಂದೇ ಬರುವುದುಂಟು. ಆಟೋಕ್ಲೇವ್ ಕೊಲ್ಲುವುದು ಜೀವಿಯನ್ನು. ಸೈಟೋಟಾಕ್ಸಿಕ್ ಔಷಧಿ ಜೀವಿ ಅಲ್ಲ, ಅದು ಜೀವಕೋಶಕ್ಕೆ ವಿಷವಾದ ರಾಸಾಯನಿಕ. 121 ಡಿಗ್ರಿಯ ಆವಿ ಅದನ್ನು ನಾಶ ಮಾಡುತ್ತದೆ ಅಂತ ನಂಬುವ ಹಾಗಿಲ್ಲ. ಗಾಜು ತೊಳೆಯುವ ಕೆಲಸಗಾರರ ಕೈಗೆ ಅದು ತಾಗುವುದೂ ಅಪಾಯ. ಅದನ್ನು 1200 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಡಬೇಕು. ಔಷಧಿಯನ್ನು ತಯಾರಕರಿಗೆ ಅಥವಾ ಪೂರೈಸಿದವರಿಗೆ ವಾಪಸ್ ಕಳಿಸಬಹುದು, ಇಲ್ಲವಾದರೆ ಅಷ್ಟು ಶಾಖದ ವ್ಯವಸ್ಥೆ ಇರುವ ಘಟಕಕ್ಕೆ ಕೊಡಬಹುದು. ಕೀಮೋಥೆರಪಿ ನಡೆಯುವ ಆಸ್ಪತ್ರೆಗಳಲ್ಲಿ ಪೋಸ್ಟಿಂಗ್ ಇದ್ದಾಗ ಆ ಲೇಬಲ್ ಇರುವ ಚೀಲವನ್ನು ಕಣ್ಣಾರೆ ನೋಡಿ ಬನ್ನಿ, ಮತ್ತೆ ಮರೆಯುವುದಿಲ್ಲ.

ಮೂರನೆಯದು ಮೂತ್ರದ ಚೀಲ. ಚೀಲ ಕೆಂಪಿಗೆ ಸರಿ, ಆದರೆ ಒಳಗಿನ ಮೂತ್ರ ಸಮೇತ ಅಲ್ಲ. ದ್ರವವನ್ನು ಆಸ್ಪತ್ರೆಯ ಸಂಸ್ಕರಣಾ ವ್ಯವಸ್ಥೆಗೆ ಹೋಗುವ ಜಾಗದಲ್ಲಿ ಚೆಲ್ಲಿ, ಖಾಲಿ ಚೀಲ ಹಾಕಬೇಕು.

ಹೆರಿಗೆ ವಾರ್ಡಿಗೆ, ಲೇಡಿ ಗೋಷನ್‌ನಂಥ ಕಡೆಗೆ ಪೋಸ್ಟಿಂಗ್ ಹೋದವರಿಗೆ ಇನ್ನೊಂದು ಮಾತು. ಮಾಸು, ಅಂದರೆ ಪ್ಲಾಸೆಂಟಾ, ಮಾನವ ಅಂಗಾಂಶ ತ್ಯಾಜ್ಯ. ಅದು ಹಳದಿ. ಇದರಲ್ಲಿ ಗೊಂದಲ ಇಲ್ಲ.

ಹೆಜ್ಜೆ ನಾಲ್ಕು: ಬಕೆಟ್‌ನಿಂದ ಲಾರಿ ತನಕ

ವಿಂಗಡಣೆ ಆಗಬೇಕಾದ್ದು ಕಸ ಹುಟ್ಟಿದ ಜಾಗದಲ್ಲಿ, ಹುಟ್ಟಿದ ಗಳಿಗೆಯಲ್ಲಿ. ಟ್ರೇಯನ್ನು ಹಾಗೇ ತಂದು ಮೂಲೆಯ ಬಕೆಟ್‌ಗೆ ಸುರಿದು, ಮತ್ತೆ ಯಾರೋ ಕೈ ಹಾಕಿ ಬೇರೆ ಮಾಡುವುದು ವಿಂಗಡಣೆ ಅಲ್ಲ. ನನ್ನ ಮೊದಲ ಕೆಲಸದ ವರ್ಷ ನೆನಪಾಗುತ್ತದೆ. ರಾತ್ರಿ ಡ್ಯೂಟಿ ಮುಗಿಯುವ ಹೊತ್ತು. ವಾರ್ಡಿನ ಆಯಾ ಅಕ್ಕ ಹಳದಿ ಚೀಲ ಎತ್ತಿ ತೊಡೆಗೆ ತಾಗಿಸಿಕೊಂಡು ಹೊರಟವರು ಹಾಗೇ ನಿಂತರು. "ಸಿಸ್ಟರ್, ಎಂತದೋ ಚುಚ್ಚಿತು" ಅಂದರು. ಹತ್ತಿಯ ನಡುವೆ ಒಂದು ಸೂಜಿ. ಮೂವತ್ತು ರೋಗಿಗಳ ವಾರ್ಡ್. ಯಾರಿಗೆ ಹಾಕಿದ ಸೂಜಿ ಅಂತ ಹೇಳಲು ಯಾರಿಂದಲೂ ಆಗಲಿಲ್ಲ. ಯಾರ ರಕ್ತ ಪರೀಕ್ಷೆ ಮಾಡಬೇಕು ಅಂತಲೇ ಗೊತ್ತಿಲ್ಲದ ಕಾರಣ ಅವರು 28 ದಿನ ಎಚ್‌ಐವಿ ತಡೆಯುವ ಮಾತ್ರೆ ನುಂಗಬೇಕಾಯಿತು. ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ ಅಂತ ಹೇಳುತ್ತಾ ಅದೇ ವಾರ್ಡಿಗೆ ಕೆಲಸಕ್ಕೆ ಬರುತ್ತಿದ್ದರು. ಆ ಸೂಜಿ ಹಾಕಿದ್ದು ನಮ್ಮಲ್ಲಿ ಒಬ್ಬರು. ನಾನು ಪಾಠ ಮಾಡುವಾಗ ಆ ಅಕ್ಕನ ಮುಖ ಕಣ್ಣ ಮುಂದೆ ಇರುತ್ತದೆ.

ಚೀಲ ಅಥವಾ ಡಬ್ಬ ಮುಕ್ಕಾಲು ಭಾಗ ತುಂಬಿದಾಗ ಮುಚ್ಚಿ. ಚೀಲದ ಕುತ್ತಿಗೆ ಕಟ್ಟಲು ಮೇಲೆ ಜಾಗ ಬೇಕು. ಬಿಳಿ ಡಬ್ಬದಲ್ಲಿ ಇನ್ನೂ ನಾಲ್ಕು ಸೂಜಿ ಹಿಡಿಯುತ್ತದೆ ಅಂತ ಕೈಯಿಂದ ಒತ್ತುವವರಿಗೇ ಚುಚ್ಚುವುದು. ಕಟ್ಟಿದ ಮೇಲೆ ಬಾರ್ ಕೋಡ್ ಲೇಬಲ್ ಅಂಟಿಸಿ. ಚೀಲದ ಮೇಲೆ ಜೈವಿಕ ಅಪಾಯದ ಚಿಹ್ನೆ ಇರಬೇಕು, ದಿನಾಂಕ ಮತ್ತು ವಾರ್ಡಿನ ಹೆಸರು ಇರಬೇಕು. ಮುಚ್ಚಳ ಇರುವ ಟ್ರಾಲಿಯಲ್ಲಿ, ರೋಗಿಗಳ ಓಡಾಟ ಕಡಿಮೆ ಇರುವ ಹೊತ್ತಿನಲ್ಲಿ, ಊಟದ ಗಾಡಿ ಬರುವ ದಾರಿ ಬಿಟ್ಟು, ಶೇಖರಣಾ ಕೋಣೆಗೆ ಸಾಗಿಸಬೇಕು. ಸಾಗಿಸುವವರಿಗೆ ದಪ್ಪ ಗ್ಲೌಸ್, ಮಾಸ್ಕ್, ಏಪ್ರನ್, ಬೂಟು ಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೂಡ ಆಗಿರಬೇಕು.

ಕೋಣೆಯಲ್ಲಿ ಎಷ್ಟು ಹೊತ್ತು ಇಡಬಹುದು? ಸಂಸ್ಕರಿಸದ ಅಂಗಾಂಶ, ರಕ್ತ ಅಂಟಿದ ಕಸ, ಜೈವಿಕ ತಂತ್ರಜ್ಞಾನದ ಕಸವನ್ನು 48 ಗಂಟೆಗಿಂತ ಹೆಚ್ಚು ಇಡಬಾರದು. ಲೆಕ್ಕ ಹೇಗೆ ಅಂತ ನೋಡಿ. ಶನಿವಾರ ಸಂಜೆ 6ಕ್ಕೆ ಕಟ್ಟಿದ ಹಳದಿ ಚೀಲ ಸೋಮವಾರ ಸಂಜೆ 6ರ ಒಳಗೆ ಲಾರಿ ಹತ್ತಬೇಕು. ಭಾನುವಾರ ರಜೆ ಅಂತ ಲೆಕ್ಕ ನಿಲ್ಲುವುದಿಲ್ಲ. ಮಳೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು, ಲಾರಿ ಬರಲಿಲ್ಲ ಅಂತಾದರೆ? ಆಸ್ಪತ್ರೆಯವರು ಆ ಕಸದಿಂದ ಯಾರಿಗೂ ತೊಂದರೆ ಆಗದಂತೆ ವ್ಯವಸ್ಥೆ ಮಾಡಿ, ಕಾರಣ ಸಮೇತ ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಬೇಕು. ನಮ್ಮಲ್ಲಿ ಅದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಲಾರಿ ಬಂದಾಗ ಬಣ್ಣವಾರು ತೂಕ ನೋಡಿ ರಿಜಿಸ್ಟರ್‌ನಲ್ಲಿ ಬರೆದು ಕೊಡಬೇಕು. ದಾಖಲೆ ಐದು ವರ್ಷ ಉಳಿಸಬೇಕು.

ಹೆಜ್ಜೆ ಐದು: ಉತ್ತರ ಬರೆಯಿರಿ

ಐದು ಅಂಕದ ಪ್ರಶ್ನೆಗೆ ನಾನು ತಿದ್ದುವಾಗ ವ್ಯಾಖ್ಯೆಗೆ ಒಂದು, ವಿಂಗಡಣೆಯ ಪಟ್ಟಿಗೆ ಎರಡೂವರೆ, ವಿಲೇವಾರಿ ಹೆಜ್ಜೆಗಳಿಗೆ ಒಂದೂವರೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಒಂದೂವರೆ ಪುಟ ಸಾಕು. ಹೀಗೆ ಬರೆಯಬಹುದು:

"ಮನುಷ್ಯರ ಅಥವಾ ಪ್ರಾಣಿಗಳ ರೋಗ ಪತ್ತೆ, ಚಿಕಿತ್ಸೆ, ಲಸಿಕೆ ಹಾಕುವಾಗ, ಅದಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ, ಜೈವಿಕ ಉತ್ಪನ್ನಗಳ ತಯಾರಿ ಮತ್ತು ಪರೀಕ್ಷೆಯಲ್ಲಿ ಹಾಗೂ ಆರೋಗ್ಯ ಶಿಬಿರಗಳಲ್ಲಿ ಉಂಟಾಗುವ ತ್ಯಾಜ್ಯವೇ ಜೈವಿಕ ವೈದ್ಯಕೀಯ ತ್ಯಾಜ್ಯ. 2016ರ ನಿಯಮದಂತೆ ಇದರಲ್ಲಿ ನಾಲ್ಕು ವರ್ಗ.

ಹಳದಿ: ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ ಚೀಲ. ಅಂಗಾಂಶ, ರಕ್ತ ಅಂಟಿದ ಹತ್ತಿ ಮತ್ತು ಡ್ರೆಸಿಂಗ್, ರಕ್ತದ ಚೀಲ, ಅವಧಿ ಮುಗಿದ ಔಷಧಿ, ರಾಸಾಯನಿಕ, ಕಲುಷಿತ ಹಾಸಿಗೆ ಬಟ್ಟೆ, ಮಾಸ್ಕ್, ಪೂರ್ವ ಸಂಸ್ಕರಣೆ ಮಾಡಿದ ಲ್ಯಾಬ್ ತ್ಯಾಜ್ಯ. ದಹನ.

ಕೆಂಪು: ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ ಚೀಲ. ಐವಿ ಸೆಟ್, ಕ್ಯಾಥೆಟರ್, ಮೂತ್ರದ ಚೀಲ, ಸೂಜಿ ತೆಗೆದ ಸಿರಿಂಜ್, ಗ್ಲೌಸ್. ಆಟೋಕ್ಲೇವ್, ಚೂರು ಮಾಡುವುದು, ಮರುಬಳಕೆ.

ಬಿಳಿ, ಅರೆಪಾರದರ್ಶಕ: ಚುಚ್ಚಿ ತೂತಾಗದ, ಸೋರದ, ತೆರೆಯಲಾಗದ ಡಬ್ಬ. ಸೂಜಿ, ಬ್ಲೇಡ್, ಸೂಜಿ ಅಂಟಿರುವ ಸಿರಿಂಜ್. ಆಟೋಕ್ಲೇವ್ ಅಥವಾ ಒಣ ಶಾಖ, ನಂತರ ಚೂರು ಮಾಡುವುದು ಅಥವಾ ಸಿಮೆಂಟಿನಲ್ಲಿ ಮುಚ್ಚುವುದು.

ನೀಲಿ: ಚುಚ್ಚಿ ತೂತಾಗದ, ಸೋರದ ಡಬ್ಬ. ಖಾಲಿ ವಯಲ್, ಆಂಪೂಲ್, ಒಡೆದ ಗಾಜು, ಲೋಹದ ಇಂಪ್ಲಾಂಟ್. ಸೈಟೋಟಾಕ್ಸಿಕ್ ಔಷಧಿಯ ಗಾಜು ಇಲ್ಲಿಗೆ ಬರುವುದಿಲ್ಲ. ಸೋಂಕು ನಿವಾರಣೆ, ಮರುಬಳಕೆ."

ಇದರ ಕೆಳಗೆ ಹೆಜ್ಜೆಗಳನ್ನು ಕ್ರಮವಾಗಿ ಬರೆಯಿರಿ: ಹುಟ್ಟಿದ ಜಾಗದಲ್ಲೇ ವಿಂಗಡಣೆ, ಲ್ಯಾಬ್ ತ್ಯಾಜ್ಯಕ್ಕೆ ಪೂರ್ವ ಸಂಸ್ಕರಣೆ, ಮುಕ್ಕಾಲು ತುಂಬಿದಾಗ ಕಟ್ಟಿ ಬಾರ್ ಕೋಡ್, ಮುಚ್ಚಿದ ಟ್ರಾಲಿಯಲ್ಲಿ ಸಾಗಣೆ, 48 ಗಂಟೆಯ ಮಿತಿ, ಸಾಮೂಹಿಕ ಘಟಕಕ್ಕೆ ಹಸ್ತಾಂತರ, ದಾಖಲೆ. ಸಮಯ ಉಳಿದರೆ ಹಳದಿಯ ಎದುರು 800 ಮತ್ತು 1050 ಡಿಗ್ರಿ ಬರೆಯಿರಿ. ಸಮಯ ಇಲ್ಲದಿದ್ದರೆ ಅಂಕಿ ಬಿಡಿ, ಸಿರಿಂಜಿನ ಎರಡು ಉತ್ತರ ಬಿಡಬೇಡಿ.

ಜೊತೆಗೆ ಬರುವ ಪ್ರಶ್ನೆ: ಸೂಜಿ ಚುಚ್ಚಿದರೆ?

ಇದು ಮೂರು ಅಂಕಕ್ಕೆ ಬರುತ್ತದೆ, ಡ್ಯೂಟಿಯಲ್ಲೂ ಬೇಕಾಗುತ್ತದೆ. ಚುಚ್ಚಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆಯಿರಿ. ಬೆರಳು ಹಿಂಡಿ ರಕ್ತ ತೆಗೆಯಬೇಡಿ, ಬಾಯಲ್ಲಿ ಇಟ್ಟು ಚೀಪಬೇಡಿ, ಹೈಪೋಕ್ಲೋರೈಟ್ ಸುರಿಯಬೇಡಿ. ಹಿಂಡಿದರೆ, ಉರಿಯುವ ದ್ರಾವಣ ಹಾಕಿದರೆ ಅಲ್ಲಿಯ ಚರ್ಮಕ್ಕೆ ಇನ್ನಷ್ಟು ಗಾಯ ಆಗುತ್ತದೆ. ಕೂಡಲೇ ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ, ಯಾವ ರೋಗಿಯ ಸೂಜಿ ಅಂತ ಗೊತ್ತಿದ್ದರೆ ಅದನ್ನೂ ಹೇಳಿ. ವೈದ್ಯರು ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂದರೆ ಎರಡು ಗಂಟೆಯ ಒಳಗೆ ಶುರು ಮಾಡುವುದು ಒಳ್ಳೆಯದು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆಯ ಕಾರ್ಡ್ ನೋಡುತ್ತಾರೆ, ಅದನ್ನು ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಬಿಡದೆ ಒಂದು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಘಟನೆಯನ್ನು ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಬರೆಸಿ. ಅಪಘಾತ ವರದಿಗೆ ನಿಯಮದಲ್ಲಿ ನಮೂನೆ 1 ಇದೆ. ಬೈಯುತ್ತಾರೆ ಅಂತ ಹೆದರಿ ಮನೆಗೆ ಹೋಗಿ ಮಲಗಬೇಡಿ. ಎರಡು ಗಂಟೆಯ ಲೆಕ್ಕ ಶುರುವಾಗುವುದು ಚುಚ್ಚಿದ ಗಳಿಗೆಯಿಂದ.